ಮುಚ್ಚಳ ಬಿಗಿಯಾದ 780 ಭರಣಿಗಳು: ತಡವಾದ ಸರಕಿಗೆ ಬರೆದ ಒಂದು ಕ್ಷಮಾಪಣೆ ಪತ್ರ

ಚನ್ನಪಟ್ಟಣದ ಎರಡು ಮೂರು ಗೊಂಬೆ ಕಾರ್ಖಾನೆಗಳಿಗೆ ನಾನು ಲೆಕ್ಕ ಬರೆಯುತ್ತೇನೆ. ಜೊತೆಗೆ ಅವರ ಪತ್ರವ್ಯವಹಾರವೂ ನನ್ನ ಪಾಲಿಗೆ ಬರುತ್ತದೆ. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನಾದ್ದರಿಂದ ಅಲ್ಲೆಲ್ಲ ನಾನು ಮೇಷ್ಟ್ರು. ಇಲ್ಲಿ ಹೇಳುತ್ತಿರುವುದು 2024ರ ಸೆಪ್ಟೆಂಬರ್‌ನಲ್ಲಿ ಆ ಕಾರ್ಖಾನೆಗಳಲ್ಲೊಂದರಿಂದ ಮೈಸೂರಿನ ಗಿರಾಕಿಯೊಬ್ಬರಿಗೆ ಹೋದ ಒಂದು ಇಮೇಲ್‌ನ ಕತೆ. ಮೊದಲ ಕರಡು ಹೇಗಿತ್ತು, ಅದನ್ನು ಏಕೆ ಹರಿದು ಹಾಕಿದೆವು, ಕೊನೆಗೆ ಹೋದದ್ದು ಏನು, ಆಮೇಲೆ ಏನಾಯಿತು ಎಂಬಿಷ್ಟು.

ಗಿರಾಕಿ ಮೈಸೂರಿನಲ್ಲಿ ಕರಕುಶಲ ವಸ್ತುಗಳ ಅಂಗಡಿ ಇಟ್ಟಿರುವ ಹೆಣ್ಣುಮಗಳು. ಆ ವರ್ಷ ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಗುತ್ತಿತ್ತು. ಗೊಂಬೆ ಕೂರಿಸುವ ಮನೆಗಳಲ್ಲಿ ಆರತಿಗೆ ಬಂದವರಿಗೆ ಕೊಡಲು ಅರಗಿನ ಬಣ್ಣದ ಕುಂಕುಮ ಭರಣಿ 1,200, ಮಕ್ಕಳಿಗೆ ಬುಗುರಿ 1,800 ಬೇಕೆಂದು ಅವರು ಜೂನ್ ಕೊನೆಯಲ್ಲಿ ಆರ್ಡರ್ ಕೊಟ್ಟಿದ್ದರು. ಭರಣಿಗೆ ತಲಾ 85 ರೂಪಾಯಿ, ಬುಗುರಿಗೆ 30. ತೆರಿಗೆ ಬಿಟ್ಟು ಒಟ್ಟು 1,56,000 ರೂಪಾಯಿ. ಅದರಲ್ಲಿ ಶೇಕಡ 40ರಷ್ಟು, ಎಂದರೆ 62,400 ರೂಪಾಯಿ ಮುಂಗಡ ಬಂದಿತ್ತು. ಸೆಪ್ಟೆಂಬರ್ 18ರ ಬುಧವಾರ ಸರಕು ಮೈಸೂರು ಮುಟ್ಟಬೇಕೆಂದು ಒಪ್ಪಂದ. ಹಬ್ಬದ ಖರೀದಿ ಹದಿನೈದು ದಿನ ಮೊದಲೇ ಚುರುಕಾಗುತ್ತದೆ ಎಂಬುದು ಆ ತಾರೀಖಿನ ಹಿಂದಿನ ಲೆಕ್ಕ.

ಸೆಪ್ಟೆಂಬರ್ 11ರ ಬೆಳಿಗ್ಗೆ ಯಜಮಾನರು ಎರಡು ದಿನ ಹಿಂದೆ ತಯಾರಾದ ಭರಣಿಯೊಂದನ್ನು ಕೈಗೆತ್ತಿಕೊಂಡರು. ಮುಚ್ಚಳ ಬರಲಿಲ್ಲ. ಇನ್ನೊಂದನ್ನು ತೆಗೆದರು, ಅದೂ ಬಿಗಿ. ಕಾರಣ ಅವರಿಗೆ ಆ ಕ್ಷಣದಲ್ಲೇ ಹೊಳೆದಿತ್ತು, ನನಗೆ ಬಿಡಿಸಿ ಹೇಳಿದರು. ಇಲ್ಲಿ ಬಳಸುವ ಆಲೆ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಯಾವ ಮರವೂ ಹಾಗೆ ಕುಗ್ಗುವುದಿಲ್ಲವಂತೆ. ವರ್ಷದುಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಸುಮಾರು ಎರಡರಷ್ಟು. ಹಸಿ ಇರುವಾಗ ಲೇತ್ ಮೇಲೆ ಗುಂಡಗೆ ಕಡೆದ ಬಾಯಿ ಎರಡು ದಿನದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಬುಗುರಿಗೆ ಮುಚ್ಚಳವಿಲ್ಲ, ಅದಕ್ಕೆ ಈ ತಾಪತ್ರಯವೂ ಇಲ್ಲ. ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿ ನೋಡಿದರೆ ಹೊಸ ದಿಮ್ಮಿಗಳಲ್ಲಿ ಶೇಕಡ 18 ಬಂತು. ಆಗಸ್ಟ್‌ನಲ್ಲಿ ಮಾಡಿಟ್ಟ 420 ಭರಣಿಗಳು ಹಳೆಯ, ಒಣಗಿದ ದಿಮ್ಮಿಯವು, ಅವುಗಳಲ್ಲಿ 11. ಅವುಗಳ ಮುಚ್ಚಳ ಬೆರಳಿಗೆ ಸಲೀಸಾಗಿ ತಿರುಗುತ್ತಿತ್ತು.

ಹಾಗಾಗಿ ಕೈಯಲ್ಲಿದ್ದದ್ದು ಬುಗುರಿ ಪೂರ್ತಿ ಮತ್ತು ಭರಣಿ 420. ಇಲ್ಲದ್ದು 780 ಭರಣಿ. ಗಡುವಿಗೆ ಏಳು ದಿನ.

ಯಜಮಾನರು ಅಂದು ಮಧ್ಯಾಹ್ನ ಮೊಬೈಲ್‌ನಲ್ಲಿ ಬರೆದು ನನಗೆ ತೋರಿಸಿದ ಕರಡು ಇದು:

“ಮಾನ್ಯರೇ, ಈ ಬಾರಿ ವಿಪರೀತ ಮಳೆಯ ಅನಿವಾರ್ಯ ಕಾರಣದಿಂದ ತಮ್ಮ ಸರಕು ಕಳುಹಿಸುವಲ್ಲಿ ಸ್ವಲ್ಪ ವಿಳಂಬವಾಗಿದೆ. ಆದಷ್ಟು ಬೇಗ ಕಳುಹಿಸಿಕೊಡಲಾಗುವುದು. ಇದರಿಂದ ತಮಗೆ ತೊಂದರೆಯಾಗಿದ್ದಲ್ಲಿ ಕ್ಷಮೆಯಿರಲಿ. ತಮ್ಮ ಸಹಕಾರ ಹೀಗೆಯೇ ಇರಲಿ ಎಂದು ಕೋರುತ್ತೇವೆ.”

ಇಂಥ ಪತ್ರ ಬರೆಯದ ವ್ಯಾಪಾರಿ ನಮ್ಮಲ್ಲಿ ಅಪರೂಪ. ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಕನ್ನಡದ ಕ್ರಿಯಾಪದಗಳು ಇಲ್ಲಿ ಮಾಡುತ್ತಿರುವ ಕೆಲಸವನ್ನು ಗಮನಿಸಿ. “ವಿಳಂಬವಾಗಿದೆ” ಎಂದರೆ ವಿಳಂಬ ತಾನಾಗಿಯೇ ಆಯಿತು, ಮಾಡಿದವರು ಯಾರೂ ಇಲ್ಲ. “ಕಳುಹಿಸಿಕೊಡಲಾಗುವುದು” ಎಂದರೆ ಕಳುಹಿಸುವವರೂ ಇಲ್ಲ. “ತೊಂದರೆಯಾಗಿದ್ದಲ್ಲಿ” ಎಂದರೆ ತೊಂದರೆ ಆಗಿದೆಯೋ ಇಲ್ಲವೋ ನಮಗೆ ಖಚಿತವಿಲ್ಲ. ಹಬ್ಬದ ಸರಕು ಬಾರದ ಅಂಗಡಿಯವರಿಗೆ ಇದನ್ನು ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ. “ಕ್ಷಮೆಯಿರಲಿ” ಎಂಬುದನ್ನು ನಾವು ಬಸ್ಸಿನಲ್ಲಿ ಕಾಲು ತುಳಿದಾಗಲೂ ಹೇಳುತ್ತೇವೆ. ಇನ್ನು “ಆದಷ್ಟು ಬೇಗ” ಎಂಬುದು ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದ ಹಾಗೆ. ಯಾವ ದಿನ ಓದಿದರೂ ಅದು ಸುಳ್ಳಾಗುವುದಿಲ್ಲ.

ಮಾತು ಬದಲಿಸುವುದು ಸುಲಭ. ಕಷ್ಟವಾದದ್ದು ಮಳೆಯ ವಿಚಾರ.

ಮಳೆ ಬಂದದ್ದು ನಿಜ, ದಿಮ್ಮಿ ಒಣಗದಿದ್ದದ್ದೂ ನಿಜ. ಆದರೆ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇತ್ತಲ್ಲ. ಬೇಸಿಗೆಯಲ್ಲೇ ಒಣಗಿಸಿ, ಮೈಸೂರಿನ ಆರ್ಡರಿಗೆಂದು ತೆಗೆದಿಟ್ಟಿದ್ದ ದಿಮ್ಮಿಯಲ್ಲಿ ದೊಡ್ಡ ಪಾಲು ಆಗಸ್ಟ್ ಮೊದಲ ವಾರ ಬೇರೊಂದು ತುರ್ತು ಆರ್ಡರಿಗೆ ಹೋಗಿತ್ತು. ಜುಲೈಯಲ್ಲಿ ಕೊಯ್ಸಿದ ಹೊಸ ದಿಮ್ಮಿ ಅಷ್ಟರಲ್ಲಿ ಒಣಗುತ್ತದೆ ಎಂಬ ನಂಬಿಕೆ. ಅದನ್ನು ನೆನಪಿಸಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನೆಲ್ಲ ಅವರಿಗೆ ಯಾಕೆ ಹೇಳಬೇಕು ಮೇಷ್ಟ್ರೇ?” ಎಂದರು. ಹೇಳಬೇಕಾದ್ದು ಸತ್ಯನಿಷ್ಠೆಗಾಗಿ ಮಾತ್ರವಲ್ಲ ಎಂದೆ. ಮಳೆಗಾಲ ಪ್ರತಿ ವರ್ಷ ಬರುತ್ತದೆ ಎಂಬುದು ಮೈಸೂರಿನವರಿಗೂ ಗೊತ್ತು. ಮಳೆ ಎಂದು ಬರೆದರೆ ಅವರ ಮೊದಲ ಪ್ರಶ್ನೆ “ಜೂನ್‌ನಲ್ಲಿ ಆರ್ಡರ್ ಹಿಡಿಯುವಾಗ ಇದು ಗೊತ್ತಿರಲಿಲ್ಲವೇ?” ಎಂದಿರುತ್ತದೆ. ಅದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಕಾರಣ ಕೊಟ್ಟವನು ಮುಂದೆ ಕೊಡುವ ತಾರೀಖನ್ನೂ ಅವರು ನಂಬುವುದಿಲ್ಲ. ಬೇರೆ ಗಿರಾಕಿಯ ಹೆಸರು, ವಿವರ ಬೇಡ; ದಿಮ್ಮಿ ಬೇರೆ ಕೆಲಸಕ್ಕೆ ಬಳಸಿದ್ದು ನಮ್ಮ ತಪ್ಪು ಎಂಬ ಒಂದು ಸಾಲು ಸಾಕು ಎಂದು ತೀರ್ಮಾನವಾಯಿತು.

ಅದೇ ಸಂಜೆ ಯಜಮಾನರು ಫೋನ್ ಮಾಡಿದರು. ಭರಣಿಯ ವಿಷಯದಲ್ಲಿ ತಡವಾಗುತ್ತದೆ, ಎಷ್ಟು ಎಂಬುದನ್ನು ನಾಳೆ ಸಂಜೆ ನಾಲ್ಕರೊಳಗೆ ಬರಹದಲ್ಲಿ ಕಳುಹಿಸುತ್ತೇವೆ ಎಂದಷ್ಟೇ ಹೇಳಿದರು. ಕೆಟ್ಟ ಸುದ್ದಿಯನ್ನು ಮೊದಲು ದನಿಯಲ್ಲಿ ತಿಳಿಸುವುದು ಮರ್ಯಾದೆ. ಆದರೆ ಫೋನಿನಲ್ಲಿ ತಾರೀಖು ಹೇಳಬೇಡಿ ಎಂದು ನಾನು ತಡೆದಿದ್ದೆ. ಬೈಗುಳ ಕೇಳುತ್ತಿರುವ ಮನುಷ್ಯ ಬಾಯಿಗೆ ಬಂದ ಅತಿ ಸಮೀಪದ ತಾರೀಖನ್ನೇ ಹೇಳಿಬಿಡುತ್ತಾನೆ.

ನಮ್ಮ ಯಜಮಾನರ ಮನಸ್ಸಿನಲ್ಲಿ ಆಗಲೇ ಅಂಥದ್ದೊಂದಿತ್ತು: “ನಾಲ್ಕು ದಿನ ತಡ ಎಂದು ಬರೆಯಿರಿ.” ಎಂದರೆ 22. ಅದನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದೆವು. ಒಣಗಿದ ದಿಮ್ಮಿಗಾಗಿ ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ಕೇಳಿದ್ದಾಯಿತು. ಹಬ್ಬದ ಹೊತ್ತಿನಲ್ಲಿ ಯಾರ ಬಳಿಯೂ ಮಿಕ್ಕಿರಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಮರವನ್ನು ಬಿಸಿಗಾಳಿಯಲ್ಲಿ ಒಣಗಿಸಿಕೊಡುವ ಕಡೆ ಜಾಗ ಸಿಕ್ಕಿತು. 12ಕ್ಕೆ ದಿಮ್ಮಿ ಕೊಟ್ಟರೆ 19ರ ಸಂಜೆ ವಾಪಸ್. ಆತುರಪಟ್ಟು ಶಾಖ ಹೆಚ್ಚಿಸಿದರೆ ದಿಮ್ಮಿ ಸೀಳುತ್ತದೆ ಎಂದು ಅವರು ಮೊದಲೇ ಹೇಳಿದರು, ಅಲ್ಲಿ ಚೌಕಾಸಿಗೆ ಎಡೆಯಿಲ್ಲ. 20ರಿಂದ ಕಡೆಯುವ ಕೆಲಸ. ನಾಲ್ಕು ಲೇತ್, ತಲಾ 35 ಭರಣಿಯಂತೆ ದಿನಕ್ಕೆ 140. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಲ್ಲಿ ಹೊಳಪು ಕೊಡುವುದೂ ಅದೇ ಲೇತ್ ಮೇಲೆ, ಅದೇ ಹೊತ್ತಿನಲ್ಲಿ. ಹಾಗಾಗಿ ಬಣ್ಣಕ್ಕೆ ಬೇರೆ ದಿನ ಬೇಡ. ಹತ್ತರಲ್ಲಿ ಒಂದು ಕೆಡುತ್ತದೆ ಎಂದಿಟ್ಟುಕೊಂಡರೆ ನಿಜವಾಗಿ ಕೈಗೆ ಬರುವುದು 125. ಭಾನುವಾರ ರಜೆ. 780 ಭರಣಿಗೆ ಏಳು ಕೆಲಸದ ದಿನ, ಎಂದರೆ 27ರವರೆಗೆ. ಈ ಸಲ ಮುಚ್ಚಳಕ್ಕೆ ಒಂದು ದಿನ ಕಾಯುವ ಪರೀಕ್ಷೆ, ಆಮೇಲೆ ಕಟ್ಟುವುದು. ಹೇಗೆ ಎಳೆದರೂ ಕೊನೆಯ ಪೆಟ್ಟಿಗೆ ಮೈಸೂರು ಸೇರುವುದು 29ಕ್ಕೋ 30ಕ್ಕೋ. ನಾಲ್ಕು ದಿನ ಎಂದಿದ್ದದ್ದು ಹನ್ನೆರಡಾಯಿತು.

ಯಜಮಾನರ ಮುಖ ಬಾಡಿತು. ಆದರೆ ಲೆಕ್ಕ ಬಿಡಿಸಿ ಇಟ್ಟದ್ದರಿಂದಲೇ ಇನ್ನೊಂದು ಸಂಗತಿ ಕಾಣಿಸಿತು. ಎಲ್ಲವನ್ನೂ ಕೊನೆಯ ಭರಣಿಗಾಗಿ ಕಾಯಿಸಬೇಕಿಲ್ಲ. ತಯಾರಿರುವುದನ್ನು 18ಕ್ಕಿಂತ ಎರಡು ದಿನ ಮುಂಚೆಯೇ ಕಳುಹಿಸಬಹುದು. 20, 21, 23ರ ಕೆಲಸ ಒಂದು ಕಂತು, ಉಳಿದದ್ದು ಇನ್ನೊಂದು. ಮೈಸೂರು ಇಲ್ಲಿಂದ ಎರಡು ಮೂರು ಗಂಟೆಯ ದಾರಿ, ಮೂರು ಸಲ ಹೋದರೆ ಹೆಚ್ಚೇನೂ ಖರ್ಚಿಲ್ಲ.

ಪರಿಹಾರದ ಮಾತಿಗೆ ಬಂದಾಗ ಯಜಮಾನರು ಧಾರಾಳವಾಗಿ “ಒಟ್ಟು ಬಿಲ್ಲಿಗೆ ಶೇಕಡ 5 ಬಿಟ್ಟುಬಿಡೋಣ” ಎಂದರು. ಅದು 7,800 ರೂಪಾಯಿ. ನನಗೆ ಅದು ಹಣ ಚೆಲ್ಲಿದಂತೆ ಕಂಡಿತು. ಸಮಯಕ್ಕೆ ಮುಂಚೆ ಬರುವ ಬುಗುರಿಗೆ ರಿಯಾಯಿತಿ ಏಕೆ? ಆಕೆಗೆ ನಷ್ಟವಾಗುವುದು ಕೊನೆಯ ಕಂತಿನಲ್ಲಿ. 30ಕ್ಕೆ ಬರುವ ಭರಣಿ ಹಬ್ಬದ ಮುಂಚಿನ ಕೊನೆಯ ಶನಿವಾರ, ಭಾನುವಾರದ ವ್ಯಾಪಾರ ತಪ್ಪಿಸಿಕೊಳ್ಳುತ್ತದೆ. ಉಳಿದುಹೋದರೆ ಬಂಡವಾಳ ಕಪಾಟಿನಲ್ಲಿ ಕೂರುತ್ತದೆ. ಆದ್ದರಿಂದ ಎರಡನೇ ಕಂತಿನ 350ಕ್ಕೆ ತಲಾ 5 ರೂಪಾಯಿ, ಮೂರನೆಯ 430ಕ್ಕೆ ತಲಾ 12 ರೂಪಾಯಿ ಕಡಿಮೆ ಮಾಡಿದೆವು. ಎರಡೂ ಸೇರಿ 6,910 ರೂಪಾಯಿ. ಹಣ ಮೊದಲಿನದಕ್ಕಿಂತ ಕಡಿಮೆ, ಆದರೆ ನೋವಿರುವ ಜಾಗಕ್ಕೇ ಹೋಗುತ್ತದೆ. ಮೂರನೇ ಕಂತಿನಲ್ಲಿ ಮಾರಾಟವಾಗದ್ದನ್ನು ಅಕ್ಟೋಬರ್ 20ರೊಳಗೆ ಮರಳಿಸಬಹುದು ಎಂಬುದನ್ನೂ ಸೇರಿಸಿದೆವು. ಇದಕ್ಕೆ ಯಜಮಾನರು ಬೆಚ್ಚಿದರು. ಭರಣಿ ಹಾಲಲ್ಲ, ಕೆಡುವುದಿಲ್ಲ. ತಿಂಗಳ ಕೊನೆಗೆ ದೀಪಾವಳಿ, ಆಮೇಲೆ ಮದುವೆಯ ಕಾಲ ಎಂದು ಒಪ್ಪಿಸಬೇಕಾಯಿತು.

ಬೇಡವೆನಿಸಿದರೆ ಮೂರನೇ ಕಂತನ್ನು ರದ್ದು ಮಾಡುವ ಹಕ್ಕನ್ನೂ ಆಕೆಗೆ ಕೊಟ್ಟೆವು. ಅದನ್ನು ನಾವು ದಯೆಯಿಂದ ಕೊಟ್ಟದ್ದೆಂದು ಯಾರೂ ತಿಳಿಯಬೇಕಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮಿನಂತೆ, ಸಮಯವೇ ಮುಖ್ಯವಾಗಿರುವ ಕರಾರಿನಲ್ಲಿ ಗಡುವು ತಪ್ಪಿದರೆ ಕರಾರನ್ನು ಮುರಿಯುವ ಆಯ್ಕೆ ಎದುರು ಪಕ್ಷಕ್ಕೆ ಇರುತ್ತದೆ. ಹಬ್ಬದ ಸರಕಿನಲ್ಲಿ ಸಮಯ ಮುಖ್ಯವೇ ಎಂದು ವಾದಿಸಲು ಹೊರಡುವುದು ಮೂರ್ಖತನ. ಅದೇ ಕಲಮಿನ ಇನ್ನೊಂದು ಮಾತೂ ಇದೆ: ತಡವಾಗಿ ಬಂದದ್ದನ್ನು ಒಪ್ಪಿಕೊಳ್ಳುವಾಗಲೇ ನಷ್ಟ ಕೇಳುತ್ತೇನೆಂದು ತಿಳಿಸದಿದ್ದರೆ ಆಮೇಲೆ ತಡದ ನಷ್ಟ ಕೇಳುವಂತಿಲ್ಲ. ಎಂದರೆ ಆಕೆ ಸುಮ್ಮನೆ ಸರಕು ಇಳಿಸಿಕೊಂಡರೆ ನಮಗೇ ಲಾಭ. ಅದನ್ನು ನೆಚ್ಚಿಕೊಂಡು ಕೂರುವ ಬದಲು ಆಯ್ಕೆಯನ್ನೂ ರಿಯಾಯಿತಿಯನ್ನೂ ನಾವೇ ಬರೆದುಕೊಟ್ಟೆವು. ಅದರಿಂದ ನಮಗೂ ಒಂದು ಅನುಕೂಲವಿತ್ತು: ರದ್ದು ಮಾಡಲು ಕೊನೆಯ ದಿನ ಯಾವುದು ಎಂದು ಹೇಳುವ ಅವಕಾಶ ನಮಗೆ ಸಿಕ್ಕಿತು. ಮೂರನೇ ಕಂತಿನ ದಿಮ್ಮಿ ಲೇತ್ ಏರುವುದು 24ಕ್ಕೆ. ಆದ್ದರಿಂದ 23ರ ಸಂಜೆ.

12ರ ಮಧ್ಯಾಹ್ನ ಮೂರೂವರೆಗೆ ದಿಮ್ಮಿ ಹೊತ್ತ ಗಾಡಿ ಬೆಂಗಳೂರು ಮುಟ್ಟಿದೆ ಎಂಬ ಕರೆ ಬಂದ ಮೇಲೆ ಈ ಪತ್ರ ಹೋಯಿತು:

ವಿಷಯ: ಕುಂಕುಮ ಭರಣಿ 780 ತಡ, ಹೊಸ ತಾರೀಖು ಸೆಪ್ಟೆಂಬರ್ 26 ಮತ್ತು 30, ಬುಗುರಿ ಮತ್ತು 420 ಭರಣಿ 16ಕ್ಕೇ

ಮಾನ್ಯರೇ,

ಸೆಪ್ಟೆಂಬರ್ 18ಕ್ಕೆ ತಲುಪಿಸುತ್ತೇವೆಂದು ಒಪ್ಪಿದ್ದ 1,200 ಕುಂಕುಮ ಭರಣಿಗಳಲ್ಲಿ 780 ಅಂದಿಗೆ ತಯಾರಾಗುವುದಿಲ್ಲ. ತಡ ಮಾಡಿದವರು ನಾವು. ಇದಕ್ಕಾಗಿ ನಿಮ್ಮ ಕ್ಷಮೆ ಕೋರುತ್ತೇವೆ. ಹಬ್ಬದ ಮುಂಚಿನ ವ್ಯಾಪಾರದಲ್ಲಿ ಇದರಿಂದ ನಿಮಗೆ ನಷ್ಟವಾಗುತ್ತದೆಂದು ನಮಗೆ ಗೊತ್ತಿದೆ.

ನಿಮ್ಮ ಆರ್ಡರಿಗೆಂದು ತೆಗೆದಿಟ್ಟಿದ್ದ ಒಣಗಿದ ದಿಮ್ಮಿಯಲ್ಲಿ ಒಂದು ಪಾಲನ್ನು ಆಗಸ್ಟ್‌ನಲ್ಲಿ ಬೇರೆ ಕೆಲಸಕ್ಕೆ ಬಳಸಿದೆವು. ಹೊಸ ದಿಮ್ಮಿ ಮಳೆಗಾಲದಲ್ಲಿ ಸಾಕಷ್ಟು ಒಣಗಲಿಲ್ಲ. ಅದರಲ್ಲಿ ಮಾಡಿದ ಭರಣಿಗಳ ಮುಚ್ಚಳ ಎರಡೇ ದಿನದಲ್ಲಿ ಬಿಗಿಯಾಯಿತು. ಅವನ್ನು ನಿಮಗೆ ಕಳುಹಿಸುವುದಿಲ್ಲ. ದಿಮ್ಮಿಯನ್ನು ಇಂದು ಬೆಂಗಳೂರಿನಲ್ಲಿ ಬಿಸಿಗಾಳಿಯಲ್ಲಿ ಒಣಗಿಸಲು ಕೊಟ್ಟಿದ್ದೇವೆ.

ಸರಕು ನಿಮ್ಮ ಅಂಗಡಿಗೆ ಹೀಗೆ ತಲುಪುತ್ತದೆ:
16 ಸೆಪ್ಟೆಂಬರ್, ಸೋಮವಾರ: ಬುಗುರಿ 1,800 (ಪೂರ್ತಿ), ಭರಣಿ 420. ದರ ಮೊದಲಿನದೇ.
26 ಸೆಪ್ಟೆಂಬರ್, ಗುರುವಾರ: ಭರಣಿ 350. ದರ 85ರ ಬದಲು 80 ರೂಪಾಯಿ.
30 ಸೆಪ್ಟೆಂಬರ್, ಸೋಮವಾರ ಮಧ್ಯಾಹ್ನ 12ರೊಳಗೆ: ಭರಣಿ 430. ದರ 85ರ ಬದಲು 73 ರೂಪಾಯಿ.

ಎರಡನೇ ಮತ್ತು ಮೂರನೇ ಕಂತಿನ ಸಾಗಣೆ ವೆಚ್ಚ ನಮ್ಮದು. ಮೂರನೇ ಕಂತಿನಲ್ಲಿ ಮಾರಾಟವಾಗದೆ ಉಳಿದ ಭರಣಿಗಳನ್ನು ಅಕ್ಟೋಬರ್ 20ರೊಳಗೆ ತಿಳಿಸಿದರೆ ನಾವೇ ಬಂದು ಒಯ್ದು ಅದೇ ದರದಲ್ಲಿ ಹಣ ಮರಳಿಸುತ್ತೇವೆ.

ಮೂರನೇ ಕಂತು ನಿಮಗೆ ತಡವೆನಿಸಿದರೆ ಪೂರ್ತಿಯಾಗಿ ಅಥವಾ ಭಾಗಶಃ ರದ್ದು ಮಾಡಬಹುದು. 23ರ ಸಂಜೆ 6ರೊಳಗೆ ತಿಳಿಸಿ. ರದ್ದಾದ ಪ್ರತಿ ಭರಣಿಯ ಮುಂಗಡ 34 ರೂಪಾಯಿಯನ್ನು ಮರುದಿನವೇ ನಿಮ್ಮ ಖಾತೆಗೆ ಹಾಕುತ್ತೇವೆ.

24ರ ಸಂಜೆ ಎರಡನೇ ಕಂತಿನ ಮುಚ್ಚಳ ಪರೀಕ್ಷೆ ಮುಗಿದ ಕೂಡಲೇ, ಫಲಿತಾಂಶ ಏನೇ ಇರಲಿ, ನಿಮಗೆ ಬರೆಯುತ್ತೇವೆ.

ಇತಿ, ಯಜಮಾನರ ಹೆಸರು, ಅವರ ಮೊಬೈಲ್ ಸಂಖ್ಯೆ.

ಸಹಿ ಯಾರದಿರಬೇಕೆಂಬ ಚರ್ಚೆಯೂ ಆಯಿತು. ಬರೆದವನು ನಾನಾದರೂ ತಡ ಮಾಡಿದವರು ಅವರು, ಫೋನಿಗೆ ಉತ್ತರಿಸಬೇಕಾದವರೂ ಅವರೇ. ರಿಯಾಯಿತಿಯನ್ನು ಬಿಲ್ ಕಟ್ಟುವ ಮುಂಚೆ ತೀರ್ಮಾನಿಸಿದ್ದರಿಂದ ನನ್ನ ಕೆಲಸವೂ ಹಗುರವಾಯಿತು. ಕಡಿಮೆ ದರವನ್ನು ಆಯಾ ಕಂತಿನ ಬಿಲ್ಲಿನಲ್ಲೇ ತೋರಿಸಿದರೆ ಜಿಎಸ್‌ಟಿಯೂ ಆ ದರದ ಮೇಲೆಯೇ ಬೀಳುತ್ತದೆ. ಪೂರ್ತಿ ದರಕ್ಕೆ ಬಿಲ್ ಮಾಡಿ ಆಮೇಲೆ ಬಿಟ್ಟುಕೊಡಲು ಹೋದರೆ ಕ್ರೆಡಿಟ್ ನೋಟ್, ಅದರ ಹಿಂದೆ ಇಬ್ಬರ ಲೆಕ್ಕದಲ್ಲೂ ತಿದ್ದುಪಡಿ.

ಉತ್ತರ ಮರುದಿನ ಬಂತು. ಅದರಲ್ಲಿ ಸಿಟ್ಟು ಇತ್ತು, “ನನ್ನ ದಿಮ್ಮಿಯನ್ನು ಬೇರೆಯವರಿಗೆ ಕೊಟ್ಟಿರಿ” ಎಂಬ ಮಾತೂ ಇತ್ತು. ಆದರೆ ಕೊನೆಯ ಸಾಲಿನಲ್ಲಿ 16ರ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ್ದರು. 23ರ ಮಧ್ಯಾಹ್ನ ಮೂರನೇ ಕಂತಿನಲ್ಲಿ 130 ರದ್ದು ಎಂದು ತಿಳಿಸಿದರು. 24ಕ್ಕೆ 4,420 ರೂಪಾಯಿ ಅವರ ಖಾತೆಗೆ ಹೋಯಿತು.

ಅದೇ ಸಂಜೆ ಮುಚ್ಚಳ ಪರೀಕ್ಷೆ. ಕೆಟ್ಟವನ್ನು ಲೇತ್ ಬಳಿಯೇ ತೆಗೆದುಹಾಕಿ ಮೂರು ದಿನದಲ್ಲಿ 375 ಎತ್ತಿಟ್ಟಿದ್ದೆವು. ಅವುಗಳಲ್ಲಿ 35ರ ಮುಚ್ಚಳ ಸ್ವಲ್ಪ ಹಿಡಿಯುತ್ತಿತ್ತು. ಒಂದು ಲೇತಿಗೆ ಹೋದ ದಿಮ್ಮಿಗಳು ಒಣಗಿಸುವ ಕೋಣೆಯ ಬಾಗಿಲ ಬಳಿಯವಿರಬೇಕು ಎಂದು ಯಜಮಾನರ ಊಹೆ. 350 ಎಂದಿದ್ದದ್ದು 340 ಆಯಿತು. ಹತ್ತು ತಾನೇ, ಹಾಗೆಯೇ ಕಳುಹಿಸಿದರೆ ಯಾರು ಎಣಿಸುತ್ತಾರೆ ಎಂದು ಒಬ್ಬ ಕೆಲಸಗಾರ ಗೊಣಗಿದ. ರಾತ್ರಿ ಎಂಟಕ್ಕೆ ಎರಡು ಸಾಲಿನ ಇಮೇಲ್ ಹೋಯಿತು: 26ಕ್ಕೆ 350ರ ಬದಲು 340, ಉಳಿದ ಹತ್ತು ಮೂರನೇ ಕಂತಿನಲ್ಲಿ, 73ರ ದರದಲ್ಲೇ. ಇದಕ್ಕೆ ಬಂದ ಉತ್ತರ ಒಂದೇ ಪದ, “ಸರಿ”.

ರದ್ದಾದ 130ರಿಂದಾಗಿ ಮೂರನೇ ಕಂತು 310ಕ್ಕೆ ಇಳಿದಿತ್ತು. 26ರ ಸಂಜೆಗೆ ಕಡೆಯುವ ಕೆಲಸ ಮುಗಿದು, 27ಕ್ಕೆ ಪರೀಕ್ಷೆಯೂ ಆಯಿತು. ಬೇಗ ಕೊಡುತ್ತೇವೆಂದು ಆಗಲೇ ಹೇಳಿಬಿಡಲು ಯಜಮಾನರು ಚಡಪಡಿಸುತ್ತಿದ್ದರು. ಪೆಟ್ಟಿಗೆ ಗಾಡಿಗೇರುವ ತನಕ ತಡೆದೆ. 28ರ ಶನಿವಾರ ಮಧ್ಯಾಹ್ನ ಗಾಡಿ ಹೊರಟ ಮೇಲೆ ಫೋನ್ ಮಾಡಿದರು, ಸಂಜೆ ಐದಕ್ಕೆ ಸರಕು ಅಂಗಡಿಯಲ್ಲಿತ್ತು. ದರ ಮಾತ್ರ 73ರಲ್ಲೇ ಉಳಿಯಿತು.

ಅಕ್ಟೋಬರ್ 19ರಂದು 27 ಭರಣಿ ವಾಪಸ್ ಎಂಬ ಸಂದೇಶ ಬಂತು. ಯಜಮಾನರು ತಾವೇ ಹೋಗಿ ತಂದರು. ಮುಂದಿನ ವರ್ಷದ ಆರ್ಡರ್ ಅದೇ ಇಮೇಲಿಗೆ ಉತ್ತರವಾಗಿ, ಹಳೆಯ ತಾರೀಖುಗಳ ಪಟ್ಟಿಯ ಮೇಲ್ಗಡೆ ಬರೆದು ಬಂತು. ಅದರಲ್ಲಿ ಹೊಸದಾಗಿ ಒಂದು ಷರತ್ತು ಇತ್ತು: ದಿಮ್ಮಿಯ ತೇವದ ಅಳತೆಯನ್ನು ಜುಲೈ ಕೊನೆಗೊಮ್ಮೆ, ಆಗಸ್ಟ್ ಕೊನೆಗೊಮ್ಮೆ ತಮಗೆ ಬರೆದು ಕಳುಹಿಸಬೇಕು.